ಸಂದರ್ಶನದ ಕರೆಗೆ ಇಮೇಲ್ ಉತ್ತರ: ಸಮಯ ಖಚಿತಪಡಿಸಿ, ದಾಖಲೆಗಳ ಬಗ್ಗೆ ಕೇಳುವ ಸರಿಯಾದ ಕ್ರಮ

ಸಂದರ್ಶನಕ್ಕೆ ಕರೆದು ಬಂದ ಮೇಲ್‌ಗೆ ನಮ್ಮ ಕಡೆಯ ಹುಡುಗ ಹುಡುಗಿಯರು ಕಳಿಸುವ ಉತ್ತರ ಹೆಚ್ಚಾಗಿ ಎರಡೇ ಬಗೆ. ಒಂದು, ‘ಓಕೆ ಸಾರ್, ಬರ್ತೀನಿ’. ಇನ್ನೊಂದು, ‘ಏನೇನು ಡಾಕ್ಯುಮೆಂಟ್ಸ್ ತರಬೇಕು ಸಾರ್?’. ಮೊದಲನೆಯದನ್ನು ಓದಿದವರಿಗೆ ಯಾರು, ಯಾವ ಹುದ್ದೆಗೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ತಿಳಿಯುವುದಿಲ್ಲ. ಎರಡನೆಯದಕ್ಕೆ ‘ಎಲ್ಲಾ ಒರಿಜಿನಲ್ಸ್ ತನ್ನಿ’ ಎಂಬ ಉತ್ತರ ಬರುತ್ತದೆ, ಅಥವಾ ಅದೂ ಬರುವುದಿಲ್ಲ. ಕೇಳಿದವರ ಅನುಮಾನ ಇದ್ದಲ್ಲೇ ಉಳಿಯುತ್ತದೆ.

ಪಾವಗಡದಿಂದ ತುಮಕೂರಿಗೆ, ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೆ, ಮುಳಬಾಗಿಲಿನಿಂದ ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬಂದವರು ಮರೆತ ಕಾಗದ ತರಲು ಮತ್ತೆ ಊರಿಗೆ ಹೋಗಿ ಬರುವುದು ಆಗದ ಮಾತು. ಹಾಗಾಗಿ ಈ ಒಂದು ಮೇಲ್ ಎರಡು ಕೆಲಸ ಮಾಡಬೇಕು. ಅದನ್ನು ಓದಿದವರು ಹಳೆಯ ಮೇಲ್ ತೆರೆಯದೆಯೇ ನಿಮ್ಮ ಹೆಸರಿನ ಮುಂದೆ ‘ಬರುತ್ತಾರೆ’ ಎಂದು ಗುರುತು ಹಾಕಿಕೊಳ್ಳುವಂತಿರಬೇಕು. ದಾಖಲೆಯ ಪ್ರಶ್ನೆಗೆ ಅವರು ಒಂದೇ ಸಾಲಿನಲ್ಲಿ, ‘ಹೌದು’, ‘ಬೇಡ’, ‘ಆಮೇಲೆ ಕೊಡಿ’ ಎಂದು ಹೇಳಿ ಮುಗಿಸುವಂತಿರಬೇಕು.

ಇಡೀ ಕ್ರಮವನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಪಾವಗಡ ತಾಲ್ಲೂಕಿನ ಬಿ.ಕಾಂ. ಪದವೀಧರೆಯೊಬ್ಬರು ತುಮಕೂರಿನ ಒಂದು ಸೌಹಾರ್ದ ಸಹಕಾರಿಯಲ್ಲಿ ಲೆಕ್ಕ ಸಹಾಯಕಿ ಹುದ್ದೆಗೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. 2026ರ ಮಾರ್ಚ್ 6, ಶುಕ್ರವಾರ ಸಂಜೆ ಅವರಿಗೆ ಮೇಲ್ ಬಂದಿದೆ. ಸಂದರ್ಶನ ಮಾರ್ಚ್ 11, ಬುಧವಾರ ಬೆಳಿಗ್ಗೆ 10ಕ್ಕೆ, ಬಿ.ಎಚ್. ರಸ್ತೆಯ ಪ್ರಧಾನ ಕಚೇರಿಯಲ್ಲಿ. ಅರ್ಧ ಗಂಟೆ ಮೊದಲೇ ಬರಬೇಕು. ‘ಮೂಲ ದಾಖಲೆಗಳು ಹಾಗೂ ಝೆರಾಕ್ಸ್ ಪ್ರತಿಗಳೊಂದಿಗೆ ಹಾಜರಾಗುವುದು. ಒಪ್ಪಿಗೆಯನ್ನು ಇಮೇಲ್ ಮೂಲಕ ತಿಳಿಸುವುದು’ ಎಂದಷ್ಟೇ ಇದೆ. ಯಾವ ದಾಖಲೆ ಎಂಬ ಪಟ್ಟಿ ಇಲ್ಲ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಬಂದ ಮೇಲ್, ನೀವು ಹಾಕಿದ ಅರ್ಜಿಯ ಪ್ರತಿ, ಮನೆಯಲ್ಲಿರುವ ದಾಖಲೆಗಳ ಫೈಲು, ಒಂದು ಹಾಳೆ, ಒಂದು ಪೆನ್ನು. ಇಷ್ಟು ಸಾಕು. ಕಂಪ್ಯೂಟರ್ ಇಲ್ಲದಿದ್ದರೂ ಪರವಾಗಿಲ್ಲ, ಮೊಬೈಲಿನಲ್ಲೇ ಆಗುತ್ತದೆ. ಆದರೆ ಬಸ್ಸಿನಲ್ಲಿ ನಿಂತುಕೊಂಡು, ಫೈಲು ಮನೆಯಲ್ಲಿರುವಾಗ ಉತ್ತರ ಬರೆಯಬೇಡಿ. ಫೈಲು ಬಿಚ್ಚದೆ ಬರೆದ ಪ್ರಶ್ನೆ ಯಾವಾಗಲೂ ‘ಏನೇನು ತರಬೇಕು’ ಎಂಬುದೇ ಆಗಿರುತ್ತದೆ.

## ಹಂತ 1: ಮೇಲ್ ಅನ್ನು ಕೊನೆಯವರೆಗೆ ಓದಿ

ದಾಖಲೆಗಳ ಪಟ್ಟಿ ಮೇಲ್‌ನಲ್ಲೇ ಇದ್ದು, ಅದನ್ನು ನೋಡದೆ ಕೇಳುವವರು ಬಹಳ. ಪಟ್ಟಿ ಸಾಮಾನ್ಯವಾಗಿ ಮೂರು ಜಾಗದಲ್ಲಿ ಅಡಗಿರುತ್ತದೆ: ಜೊತೆಗೆ ಬಂದ ಪಿಡಿಎಫ್‌ನ ಎರಡನೇ ಪುಟದಲ್ಲಿ, ಸಹಿಯ ಕೆಳಗಿನ ಸಣ್ಣ ಅಕ್ಷರದ ಸೂಚನೆಗಳಲ್ಲಿ, ಅಥವಾ ಅದೇ ಸರಣಿಯ ಹಳೆಯ ಮೇಲ್‌ನಲ್ಲಿ. ಜಿಮೇಲ್‌ನಲ್ಲಿ ಹಳೆಯ ಭಾಗ ಮೂರು ಚುಕ್ಕಿಗಳ ಹಿಂದೆ ಮುಚ್ಚಿಕೊಂಡಿರುತ್ತದೆ. ಆ ಚುಕ್ಕಿ ಒತ್ತಿ ನೋಡಿ. ನೀವು ಅರ್ಜಿ ಹಾಕಿದಾಗಿನ ಪ್ರಕಟಣೆಯನ್ನೂ ಒಮ್ಮೆ ತೆಗೆದು ನೋಡಿ.

ಓದುತ್ತಾ ಹಾಳೆಯ ಮೇಲೆ ಬರೆದುಕೊಳ್ಳಿ: ವಾರ, ದಿನಾಂಕ, ಗಂಟೆ, ಎಷ್ಟು ಮೊದಲೇ ಬರಬೇಕು, ಜಾಗ, ಹುದ್ದೆಯ ಹೆಸರು, ಅರ್ಜಿ ಸಂಖ್ಯೆ, ಉತ್ತರಕ್ಕೆ ಕೊಟ್ಟ ಗಡುವು. ವಾರಕ್ಕೂ ದಿನಾಂಕಕ್ಕೂ ತಾಳೆ ಆಗುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ. ಹಳೆಯ ಪತ್ರವನ್ನೇ ತಿದ್ದಿ ಕಳಿಸುವ ಕಚೇರಿಗಳಲ್ಲಿ ದಿನಾಂಕ ಬದಲಾಗಿ ವಾರದ ಹೆಸರು ಹಾಗೇ ಉಳಿದಿರುವುದು ಉಂಟು. ತಾಳೆಯಾಗದಿದ್ದರೆ ನಿಮ್ಮ ಉತ್ತರದ ಮೊದಲ ಪ್ರಶ್ನೆ ಅದೇ ಆಗಬೇಕು, ದಾಖಲೆ ಆಮೇಲೆ.

ಉತ್ತರ ಎಲ್ಲಿಗೆ ಹೋಗಬೇಕು ಎಂಬುದನ್ನೂ ಇಲ್ಲೇ ನೋಡಿಕೊಳ್ಳಿ. ಕಳಿಸಿದವರ ವಿಳಾಸ `noreply` ಎಂದು ಶುರುವಾಗಿದ್ದರೆ ಅಲ್ಲಿಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಮೇಲ್‌ನ ಒಳಗೆ ಸಾಮಾನ್ಯವಾಗಿ ಇನ್ನೊಂದು ವಿಳಾಸವೋ ಫೋನ್ ಸಂಖ್ಯೆಯೋ ಇರುತ್ತದೆ, ಅದನ್ನು ಹುಡುಕಿ. ಕ್ಯಾಲೆಂಡರ್ ಆಹ್ವಾನ ಬಂದಿದ್ದರೆ `Yes` ಒತ್ತಿ. ಅಷ್ಟಕ್ಕೇ ನಿಲ್ಲಿಸದೆ ಮೇಲ್ ಅನ್ನೂ ಬರೆಯಿರಿ, ಏಕೆಂದರೆ ದಾಖಲೆಯ ಪ್ರಶ್ನೆಯನ್ನು ಆ ಗುಂಡಿ ಕೇಳುವುದಿಲ್ಲ.

## ಹಂತ 2: ಕಳಿಸಿದವರು ಅಸಲಿಯೇ ಎಂದು ನೋಡಿ

ಇದಕ್ಕೆ ಎರಡು ನಿಮಿಷ ಬೇಕು. ಕಳಿಸಿದವರ ಹೆಸರಿನ ಕೆಳಗಿನ `to me` ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತದೆ. ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಉಚಿತ ಜಿಮೇಲ್ ವಿಳಾಸದಿಂದ ಬಂದಿದ್ದರೆ ಅನುಮಾನಪಡಿ. ಸಣ್ಣ ಸಹಕಾರಿ, ಖಾಸಗಿ ಶಾಲೆ, ಅಂಗಡಿ ಮುಂಗಟ್ಟುಗಳು ಜಿಮೇಲ್‌ನಿಂದಲೇ ಬರೆಯುವುದು ಸಹಜ. ಅಂಥ ಕಡೆ ಕಚೇರಿಯ ಫಲಕದಲ್ಲೋ ಪ್ರಕಟಣೆಯಲ್ಲೋ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಮೇಲ್‌ನಲ್ಲಿ ಕೊಟ್ಟ ನಂಬರಿಗೇ ಮಾಡಿದರೆ ಪರೀಕ್ಷೆ ಮಾಡಿದಂತಾಗುವುದಿಲ್ಲ.

ಈ ಕೆಳಗಿನವು ಕಂಡರೆ ಉತ್ತರ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ: ಸಂದರ್ಶನಕ್ಕೆ ಮೊದಲೇ ನೋಂದಣಿ ಶುಲ್ಕ, ತರಬೇತಿ ಶುಲ್ಕ ಅಥವಾ ವಾಪಸ್ ಕೊಡುವ ಠೇವಣಿ ಎಂದು ಹಣ ಕೇಳುವುದು, ‘ದಾಖಲೆ ಪರಿಶೀಲನೆಗೆ’ ಎಂದು ಓಟಿಪಿ ಕೇಳುವುದು, ಎಟಿಎಂ ಕಾರ್ಡಿನ ಫೋಟೊ ಕೇಳುವುದು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, `cybercrime.gov.in` ನಲ್ಲಿ ದೂರು ದಾಖಲಿಸಿ.

## ಹಂತ 3: ಫೈಲು ಬಿಚ್ಚಿ, ಕೊರತೆ ಹುಡುಕಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ದಾಖಲೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಅರ್ಜಿಯಲ್ಲಿ ಏನೇನು ಬರೆದಿದ್ದೀರೋ ಅದಕ್ಕೆ ಒಂದೊಂದು ಕಾಗದ ಇದೆಯೇ ಎಂದು ತಾಳೆ ನೋಡಿ. ಸಂದರ್ಶಕರು ಮಾಡುವುದೂ ಇದನ್ನೇ: ಅರ್ಜಿಯ ಒಂದೊಂದು ಸಾಲಿಗೆ ಬೆರಳಿಟ್ಟು, ಅದಕ್ಕೆ ಪುರಾವೆ ಎಲ್ಲಿ ಎಂದು ಕೇಳುತ್ತಾರೆ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಶುರುಮಾಡಿ. ನಮ್ಮಲ್ಲಿ ಹುಟ್ಟಿದ ದಿನಾಂಕಕ್ಕೂ ಹೆಸರಿನ ಕಾಗುಣಿತಕ್ಕೂ ಎಲ್ಲ ಕಡೆ ಅದನ್ನೇ ಆಧಾರವಾಗಿ ಹಿಡಿಯುತ್ತಾರೆ. ಆಮೇಲೆ ಪಿಯುಸಿ, ಪದವಿಯ ಆರೂ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಟ್ಯಾಲಿ ಅಥವಾ ಕಂಪ್ಯೂಟರ್ ಕೋರ್ಸಿನ ಪತ್ರ, ಕೆಲಸ ಮಾಡಿದ್ದರೆ ಅನುಭವ ಪತ್ರ, ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೊ. ಐಟಿಐ ಆದವರು ಟ್ರೇಡ್ ಪ್ರಮಾಣಪತ್ರವನ್ನೂ, ಅಪ್ರೆಂಟಿಸ್ ಮುಗಿಸಿದವರು ಅದರ ಪ್ರಮಾಣಪತ್ರವನ್ನೂ ಸೇರಿಸಿಕೊಳ್ಳಿ. ವಸಂತನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುವವರಿಗೆ ಇವೆರಡೂ ಬೇಕಾಗುತ್ತವೆ.

ನಮ್ಮ ಉದಾಹರಣೆಯ ಅಭ್ಯರ್ಥಿ ಹೀಗೆ ಹರಡಿಕೊಂಡು ನೋಡಿದಾಗ ಮೂರು ಕೊರತೆ ಕಂಡವು.

ಮೊದಲನೆಯದು ಪದವಿಯದ್ದು. ಆರನೇ ಸೆಮಿಸ್ಟರಿನ ಅಂಕಪಟ್ಟಿ `UUCMS` ಪೋರ್ಟಲ್‌ನಿಂದ ಇಳಿಸಿಕೊಂಡ ಪ್ರತಿ ಮಾತ್ರ ಇದೆ. ಘಟಿಕೋತ್ಸವ ಪ್ರಮಾಣಪತ್ರ ಕೈಗೆ ಬಂದಿಲ್ಲ, ತಾತ್ಕಾಲಿಕ ಪದವಿ ಪ್ರಮಾಣಪತ್ರ ಇದೆ. ‘ಮೂಲ ದಾಖಲೆ’ ಎಂದು ಬರೆದವರು ಇದನ್ನು ಒಪ್ಪುತ್ತಾರೋ ಇಲ್ಲವೋ ಕೇಳದೆ ಗೊತ್ತಾಗುವುದಿಲ್ಲ.

ಎರಡನೆಯದು ಹೆಸರಿನದ್ದು. ನಮ್ಮ ಜಿಲ್ಲೆಗಳಲ್ಲಿ ದಾಖಲೆ ನೋಡುವ ಮೇಜಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ಮಾರ್ಕ್ಸ್ ಕಾರ್ಡಿನಲ್ಲಿ ‘ಕಾವ್ಯ ಎನ್.’ ಎಂದು ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ‘ಕಾವ್ಯ ನಂಜಪ್ಪ’ ಎಂದು ತಂದೆಯ ಹೆಸರು ಬಿಡಿಸಿಕೊಂಡಿರುತ್ತದೆ. ಇನಿಷಿಯಲ್ ಬಿಡಿಸಿದ್ದಷ್ಟೇ ಆದರೆ ಸಾಮಾನ್ಯವಾಗಿ ತೊಡಕಾಗುವುದಿಲ್ಲ, ಏಕೆಂದರೆ ಮಾರ್ಕ್ಸ್ ಕಾರ್ಡಿನಲ್ಲೇ ತಂದೆಯ ಹೆಸರು ಇರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿದ್ದರೆ, ಊರಿನ ಹೆಸರಿನ ಇನಿಷಿಯಲ್ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಹುಟ್ಟಿದ ದಿನಾಂಕವೇ ಬೇರೆಯಾಗಿದ್ದರೆ ವಿಷಯ ಗಂಭೀರ. ಆಗ ನೋಟರಿಯಿಂದ ಅಫಿಡವಿಟ್ ಮಾಡಿಸಬೇಕಾಗಬಹುದು, ಆಧಾರ್ ತಿದ್ದುಪಡಿಗೆ ದಿನಗಳು ಬೇಕಾಗಬಹುದು. ಸಂದರ್ಶನದ ಹಿಂದಿನ ರಾತ್ರಿ ಇದು ಕಣ್ಣಿಗೆ ಬಿದ್ದರೆ ಮಾಡಲು ಏನೂ ಉಳಿದಿರುವುದಿಲ್ಲ. ಒಂದೊಂದು ದಾಖಲೆಯಲ್ಲೂ ಹೆಸರು ಹೇಗಿದೆಯೋ ಹಾಗೇ, ಚುಕ್ಕಿ ಸಮೇತ ಹಾಳೆಯ ಮೇಲೆ ಒಂದರ ಕೆಳಗೆ ಒಂದು ಬರೆಯಿರಿ. ಬರೆದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಓದುವಾಗ ನಮ್ಮ ಹೆಸರನ್ನು ನಾವೇ ಸರಿಯಾಗಿ ಓದಿಕೊಂಡುಬಿಡುತ್ತೇವೆ.

ಮೂರನೆಯದು ಅನುಭವದ್ದು. ಅರ್ಜಿಯಲ್ಲಿ ಅಂಗಡಿಯೊಂದರಲ್ಲಿ ಒಂದು ವರ್ಷದ ಅನುಭವ ಎಂದು ಬರೆದಿದ್ದಾರೆ, ಆದರೆ ಆ ಅಂಗಡಿಯವರು ಅನುಭವ ಪತ್ರ ಕೊಟ್ಟಿಲ್ಲ. ಸಂಬಳ ಬ್ಯಾಂಕ್ ಖಾತೆಗೆ ಬಂದಿದೆ. ಪಾಸ್‌ಬುಕ್ಕಿನಲ್ಲಿ ಅದು ನಮೂದಾಗಿದೆ.

## ಹಂತ 4: ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು

ಕಂಡ ಅನುಮಾನವನ್ನೆಲ್ಲ ಪ್ರಶ್ನೆ ಮಾಡಬೇಡಿ. ಕೇಳುವುದಕ್ಕಿಂತ ಮಾಡಿಬಿಡುವುದು ಸುಲಭವಾದದ್ದನ್ನು ಸುಮ್ಮನೆ ಮಾಡಿಬಿಡಿ. ಝೆರಾಕ್ಸ್ ಒಂದು ಸೆಟ್ ಬೇಕೋ ಎರಡು ಬೇಕೋ ಎಂದು ಕೇಳುವ ಬದಲು ಎರಡು ಸೆಟ್ ತೆಗೆಸಿ. ಫೋಟೊ ಎಷ್ಟು ಎಂದು ಕೇಳದೆ ನಾಲ್ಕು ಇಟ್ಟುಕೊಳ್ಳಿ. ಪ್ರತಿಗಳ ಮೇಲೆ ಸಹಿ ಬೇಕೇ ಎಂದು ಕೇಳದೆ ಪ್ರತಿ ಪುಟದ ಕೆಳಗೆ ಸಹಿ, ದಿನಾಂಕ ಹಾಕಿ. ಸ್ವಯಂ ದೃಢೀಕರಣ ಎಂದರೆ ಅಷ್ಟೇ. ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿದ್ದರೆ ಕರೆಪತ್ರದಲ್ಲೇ ಸ್ಪಷ್ಟವಾಗಿ ಬರೆದಿರುತ್ತಾರೆ.

ಉತ್ತರವನ್ನು ನೋಡಿಕೊಂಡು ನೀವು ಮಾಡುವ ಕೆಲಸ ಬದಲಾಗುವಂತಿದ್ದರೆ ಮಾತ್ರ ಅದು ಕೇಳಬೇಕಾದ ಪ್ರಶ್ನೆ. ಅಫಿಡವಿಟ್ ಬೇಕು ಎಂದರೆ ಮಂಗಳವಾರ ನೋಟರಿ ಹತ್ತಿರ ಹೋಗಬೇಕು, ಬೇಡ ಎಂದರೆ ಹೋಗಬೇಕಿಲ್ಲ. ಅದು ಕೇಳಬೇಕಾದ್ದು. ಹೀಗೆ ಸೋಸಿದರೆ ಮೂರಕ್ಕಿಂತ ಹೆಚ್ಚು ಪ್ರಶ್ನೆ ಉಳಿಯುವುದು ಅಪರೂಪ. ಮೂರಕ್ಕಿಂತ ಹೆಚ್ಚು ಕೇಳಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರುವ ಸಂಭವ ಹೆಚ್ಚು.

ಪ್ರಶ್ನೆಯ ರೂಪವೂ ಮುಖ್ಯ. ‘ಡಿಗ್ರಿ ಸರ್ಟಿಫಿಕೇಟ್ ಬಂದಿಲ್ಲ, ಏನು ಮಾಡಲಿ?’ ಎಂದು ಕೇಳಿದರೆ ಯೋಚಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. ‘ಘಟಿಕೋತ್ಸವ ಪ್ರಮಾಣಪತ್ರ ಬಂದಿಲ್ಲ, ತಾತ್ಕಾಲಿಕ ಪ್ರಮಾಣಪತ್ರ ಇದೆ, ಅದು ಸಾಕೇ?’ ಎಂದರೆ ‘ಸಾಕು’ ಎಂದು ಬರೆದು ಮುಗಿಸಬಹುದು. ಇಲ್ಲದ್ದನ್ನು ಹೇಳಿ, ಬದಲಿಗೆ ಏನಿದೆ ಎಂದು ಹೇಳಿ, ಆಮೇಲೆ ಕೇಳಿ.

ಸಂಬಳ, ಊಟ, ರಜೆ, ಬಸ್ ಖರ್ಚಿನ ಪ್ರಶ್ನೆಗಳನ್ನು ಈ ಮೇಲ್‌ಗೆ ಸೇರಿಸಬೇಡಿ. ಅವು ತಪ್ಪು ಪ್ರಶ್ನೆಗಳೆಂದಲ್ಲ. ಇಲ್ಲಿ ಸೇರಿಸಿದರೆ ದಾಖಲೆಗಳ ಪ್ರಶ್ನೆ ಅವುಗಳ ನಡುವೆ ಕಳೆದುಹೋಗುತ್ತದೆ.

## ಹಂತ 5: ಉತ್ತರ ಬರೆಯುವುದು

ಹೊಸ ಮೇಲ್ ತೆರೆಯಬೇಡಿ. ಬಂದ ಮೇಲ್‌ನಲ್ಲೇ `Reply` ಒತ್ತಿ. ವಿಷಯದ ಸಾಲು ತಾನಾಗಿ `Re:` ಸೇರಿಸಿಕೊಂಡು ಹಾಗೇ ಉಳಿಯುತ್ತದೆ, ಅದನ್ನು ಮುಟ್ಟಬೇಡಿ. ಸಾಲು ಬದಲಾದರೆ ನಿಮ್ಮ ಉತ್ತರ ಅವರ ಪೆಟ್ಟಿಗೆಯಲ್ಲಿ ಬೇರೆ ಸರಣಿಯಾಗಿ ಬಿದ್ದು ಮೂಲ ಕರೆಯಿಂದ ಕಳಚಿಕೊಳ್ಳುತ್ತದೆ. `Cc` ಸಾಲಿನಲ್ಲಿ ಅದೇ ಕಚೇರಿಯ ಇನ್ನೊಬ್ಬರಿದ್ದರೆ `Reply all` ಒತ್ತಿ, ದಾಖಲೆ ನೋಡುವವರು ಅವರೇ ಇರಬಹುದು. ಆದರೆ `To` ಸಾಲಿನಲ್ಲಿ ಬೇರೆ ಅಭ್ಯರ್ಥಿಗಳ ವಿಳಾಸಗಳೂ ಕಂಡರೆ ಕಳಿಸಿದವರಿಗೆ ಮಾತ್ರ ಉತ್ತರಿಸಿ.

ಕರೆ ಕನ್ನಡದಲ್ಲಿ ಬಂದಿದ್ದರೆ ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿನಲ್ಲಿ ಬಂದಿದ್ದರೆ ಇಂಗ್ಲಿಷಿನಲ್ಲಿ. ಸಾಲುಗಳ ಕ್ರಮ ಎರಡಕ್ಕೂ ಒಂದೇ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸುವುದು ವಾಟ್ಸಾಪ್‌ಗೆ ಸರಿ, ಇಲ್ಲಿಗಲ್ಲ.

ನಮ್ಮ ಅಭ್ಯರ್ಥಿಯ ಉತ್ತರ ಹೀಗಿರಬಹುದು:

> ಮಾನ್ಯರೇ,
>
> ಲೆಕ್ಕ ಸಹಾಯಕಿ ಹುದ್ದೆಯ ಸಂದರ್ಶನಕ್ಕೆ 11 ಮಾರ್ಚ್ 2026, ಬುಧವಾರ ಬೆಳಿಗ್ಗೆ 10 ಗಂಟೆಗೆ ಬಿ.ಎಚ್. ರಸ್ತೆಯ ತಮ್ಮ ಪ್ರಧಾನ ಕಚೇರಿಗೆ ಹಾಜರಾಗುತ್ತೇನೆ. ತಾವು ತಿಳಿಸಿರುವಂತೆ 9.30ಕ್ಕೆ ಅಲ್ಲಿರುತ್ತೇನೆ.
>
> ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಕಾಂ. ಅಂಕಪಟ್ಟಿಗಳು, ಟ್ಯಾಲಿ ಪ್ರಮಾಣಪತ್ರ, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಮೂಲ ಪ್ರತಿಗಳನ್ನೂ ಸ್ವಯಂ ದೃಢೀಕರಿಸಿದ ಎರಡು ಸೆಟ್ ಝೆರಾಕ್ಸನ್ನೂ ತರುತ್ತೇನೆ. ಇವಲ್ಲದೆ ಬೇರೆ ದಾಖಲೆ ಬೇಕಿದ್ದರೆ ದಯವಿಟ್ಟು ತಿಳಿಸಿ. ಮೂರು ವಿಷಯಗಳಲ್ಲಿ ತಮ್ಮ ಸೂಚನೆ ಬೇಕಾಗಿದೆ:
>
> 1. ಆರನೇ ಸೆಮಿಸ್ಟರಿನ ಅಂಕಪಟ್ಟಿ UUCMS ನಿಂದ ಇಳಿಸಿಕೊಂಡ ಪ್ರತಿ ಇದೆ. ಘಟಿಕೋತ್ಸವ ಪ್ರಮಾಣಪತ್ರದ ಬದಲು ತಾತ್ಕಾಲಿಕ ಪದವಿ ಪ್ರಮಾಣಪತ್ರ ಇದೆ. ಇವು ಸಾಕೇ?
>
> 2. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು ‘ಕಾವ್ಯ ಎನ್.’ ಎಂದೂ ಆಧಾರ್‌ನಲ್ಲಿ ‘ಕಾವ್ಯ ನಂಜಪ್ಪ’ ಎಂದೂ ಇದೆ. ಇದಕ್ಕೆ ಅಫಿಡವಿಟ್ ಸಂದರ್ಶನದ ದಿನವೇ ಬೇಕೇ?
>
> 3. ಹಿಂದಿನ ಕೆಲಸದ ಅನುಭವ ಪತ್ರ ಇಲ್ಲ. ಸಂಬಳ ಜಮಾ ಆಗಿರುವ ಬ್ಯಾಂಕ್ ಪಾಸ್‌ಬುಕ್ ತೋರಿಸಿದರೆ ಆಗುತ್ತದೆಯೇ?
>
> ಸೋಮವಾರ ಸಂಜೆಯೊಳಗೆ ತಿಳಿಸಿದರೆ ಮಂಗಳವಾರ ಬೇಕಾದ್ದನ್ನು ಸಿದ್ಧಪಡಿಸಿಕೊಳ್ಳಲು ಅನುಕೂಲವಾಗುತ್ತದೆ.
>
> ಇಂತಿ,
> ಕಾವ್ಯ ಎನ್.
> ಅರ್ಜಿ ಸಂಖ್ಯೆ: …
> ಮೊಬೈಲ್: …

ಇದರಲ್ಲಿ ಗಮನಿಸಬೇಕಾದ ಮೊದಲ ಸಂಗತಿ, ದಿನ, ಗಂಟೆ, ಜಾಗ, ಹುದ್ದೆ ನಾಲ್ಕೂ ಮೊದಲ ವಾಕ್ಯದಲ್ಲೇ ಬಂದುಬಿಟ್ಟಿವೆ. ಮೊಬೈಲಿನಲ್ಲಿ ಮೇಲ್ ತೆರೆಯುವ ಮೊದಲು ಕಾಣುವುದು ಆ ವಾಕ್ಯದ ಆರಂಭ ಮಾತ್ರ. ‘ತಮ್ಮ ಪತ್ರ ತಲುಪಿತು, ಬಹಳ ಸಂತೋಷವಾಯಿತು, ಈ ಅವಕಾಶಕ್ಕೆ ನಾನು ಚಿರಋಣಿ’ ಎಂದು ಶುರುಮಾಡಿದರೆ ಒಪ್ಪಿಗೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ‘ಹಾಜರಾಗುತ್ತೇನೆ’ ಎಂಬುದೂ ನೇರವಾಗಿರಲಿ. ‘ಬರಲು ಪ್ರಯತ್ನಿಸುತ್ತೇನೆ’ ಎಂದು ವಿನಯಕ್ಕೆ ಬರೆದರೂ ಓದುವವರು ಅದನ್ನು ಅನುಮಾನ ಎಂದೇ ಲೆಕ್ಕ ಹಾಕುತ್ತಾರೆ.

ಎರಡನೆಯದಾಗಿ, ಪ್ರಶ್ನೆಗಳಿಗೆ ಸಂಖ್ಯೆ ಇದೆ. ಅದರಿಂದಾಗಿ ಅವರು ‘1 ಸಾಕು, 2 ಬೇಡ, 3 ಪಾಸ್‌ಬುಕ್ ತನ್ನಿ’ ಎಂದು ಬರೆದು ಕಳಿಸಬಹುದು. ಉತ್ತರ ಯಾವಾಗ ಬೇಕು ಎಂಬುದರ ಜೊತೆ ಏಕೆ ಬೇಕು ಎಂಬುದೂ ಇದೆ. ಕಾರಣ ಇಲ್ಲದೆ ಗಡುವು ಕೊಟ್ಟರೆ ಒರಟಾಗಿ ಕೇಳಿಸುತ್ತದೆ.

ಹೆಸರನ್ನು ಅರ್ಜಿಯಲ್ಲಿದ್ದಂತೆಯೇ ಬರೆಯಲಾಗಿದೆ. ಮೇಲ್‌ನಲ್ಲಿ ಮೂರನೆಯ ರೂಪದ ಹೆಸರು ಬಂದರೆ ಇರುವ ಗೊಂದಲಕ್ಕೆ ಇನ್ನೊಂದು ಸೇರುತ್ತದೆ.

ಯಾವ ದಾಖಲೆಯನ್ನೂ ಲಗತ್ತಿಸಿಲ್ಲ ಎಂಬುದನ್ನೂ ನೋಡಿ. ಅವರು ಕೇಳಿದ್ದು ತರಲು. ಕೇಳದೆ ಆಧಾರ್, ಪ್ಯಾನ್ ಸ್ಕ್ಯಾನ್ ಮಾಡಿ ಕಳಿಸಿದರೆ ಅವು ಯಾರ ಯಾರ ಕಂಪ್ಯೂಟರಿನಲ್ಲಿ ಉಳಿಯುತ್ತವೋ ಹೇಳಲಾಗದು. ಮುಂದೆ ಕೇಳಿದರೂ ಮಾಸ್ಕ್ಡ್ ಆಧಾರ್ ಕಳಿಸಿ. ಯುಐಡಿಎಐ ಜಾಲತಾಣದಲ್ಲಿ ಸಿಗುವ ಆ ಪ್ರತಿಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ.

## ಹಂತ 6: ಕಳಿಸುವ ಮೊದಲು

ಹಂತ 1ರಲ್ಲಿ ಬರೆದ ಹಾಳೆಯನ್ನು ಪಕ್ಕದಲ್ಲಿಟ್ಟು ದಿನಾಂಕ, ವಾರ, ಗಂಟೆಯನ್ನು ಒಂದೊಂದಾಗಿ ತಾಳೆ ನೋಡಿ. ಮೊಬೈಲ್ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಓದಿ. ಕನ್ನಡ ಕೀಬೋರ್ಡ್ ತಾನಾಗಿ ಸೂಚಿಸುವ ಪದಗಳು ಕೆಲವೊಮ್ಮೆ ಗೊತ್ತಾಗದಂತೆ ನುಸುಳಿರುತ್ತವೆ, ಆದ್ದರಿಂದ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ.

ನಿಮ್ಮ ಖಾತೆಯ ಹೆಸರು ಹೇಗೆ ಕಾಣುತ್ತದೆ ಎಂಬುದನ್ನು ಬಹಳ ಜನ ನೋಡಿರುವುದೇ ಇಲ್ಲ. ಕಾಲೇಜಿನ ದಿನಗಳಲ್ಲಿ ಇಟ್ಟ ಅಡ್ಡಹೆಸರೋ ಅಣ್ಣನ ಹೆಸರೋ ಅಲ್ಲಿದ್ದರೆ, ಉತ್ತರ ಕಳಿಸಿದವರು ಯಾರು ಎಂದು ಕಚೇರಿಯವರಿಗೆ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್‌ನ `Settings` ಒಳಗೆ `Accounts and Import`, ಅಲ್ಲಿ `Send mail as` ಪಕ್ಕದ `edit info` ಒತ್ತಿ ಸರಿಪಡಿಸಬಹುದು. ಅದೇ `Settings` ನ `General` ಭಾಗದಲ್ಲಿ `Undo Send` ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಂಡರೆ, ಕಳಿಸಿದ ಮರುಕ್ಷಣ ತಪ್ಪು ಕಂಡಾಗ ವಾಪಸ್ ತೆಗೆದುಕೊಳ್ಳಬಹುದು.

ಅರ್ಜಿ ಹಾಕಿದ ಖಾತೆಯಿಂದಲೇ ಕಳಿಸಿ. ಸೈಬರ್ ಸೆಂಟರಿನವರ ಮೇಲ್‌ನಿಂದ ಅರ್ಜಿ ಹಾಕಿದ್ದರೆ ಕರೆ ಬಂದಿರುವುದೂ ಅಲ್ಲಿಗೇ. ಆಗ ಉತ್ತರವನ್ನು ಅಲ್ಲಿಂದಲೇ ಕಳಿಸಿ, ಇನ್ನು ಮುಂದೆ ಯಾವ ವಿಳಾಸಕ್ಕೆ ಬರೆಯಬೇಕು ಎಂದು ಕೊನೆಗೆ ಒಂದು ಸಾಲು ಸೇರಿಸಿ.

ಕರೆ ಬಂದ ದಿನ ಅಥವಾ ಮಾರನೆಯ ದಿನ ಬೆಳಿಗ್ಗೆ ಉತ್ತರ ಹೋಗಲಿ. ನಮ್ಮ ಉದಾಹರಣೆಯಲ್ಲಿ ಶನಿವಾರ ಬೆಳಿಗ್ಗೆ ಹೋದರೆ ಕಚೇರಿಯವರಿಗೆ ಶನಿವಾರವೂ ಸೋಮವಾರವೂ ಸಿಗುತ್ತವೆ. ಭಾನುವಾರ ರಾತ್ರಿ ಕಳಿಸಿದರೆ ಸೋಮವಾರ ಒಂದೇ ದಿನ.

## ಕೊಟ್ಟ ಸಮಯಕ್ಕೆ ಹೋಗಲಾಗದಿದ್ದರೆ

ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಬೆಳಗಿನ ಬಸ್ ಹಿಡಿದರೂ 9.30ಕ್ಕೆ ತಲುಪುವುದು ಅನುಮಾನ ಎನಿಸಿದರೆ ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿಯುವುದು ಸಮಯ ಬದಲಿಸಿ ಎಂದು ಕೇಳುವುದಕ್ಕಿಂತ ಒಳ್ಳೆಯದು. ಅದೇ ದಿನ ಪರೀಕ್ಷೆ ಇದ್ದರೆ ಅಥವಾ ಆಸ್ಪತ್ರೆಯ ಅನಿವಾರ್ಯ ಇದ್ದರೆ ಒಪ್ಪಿಗೆ ಬರೆಯಬೇಡಿ. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ, ನಿಮಗೆ ಆಗುವ ಎರಡು ದಿನಗಳನ್ನು ಸೂಚಿಸಿ, ಅದೇ ಹೊತ್ತಿಗೆ ಫೋನನ್ನೂ ಮಾಡಿ. ದಾಖಲೆಯ ಪ್ರಶ್ನೆಗಳು ಹೊಸ ಸಮಯ ಗೊತ್ತಾದ ಮೇಲೆ ಹೋಗಲಿ.

## ಹಂತ 7: ಕಳಿಸಿದ ಮೇಲೆ

ಹತ್ತು ನಿಮಿಷ ಬಿಟ್ಟು ಪೆಟ್ಟಿಗೆ ನೋಡಿ. `Mail Delivery Subsystem` ಹೆಸರಿನಲ್ಲಿ `Address not found` ಎಂದು ಬಂದಿದ್ದರೆ ನಿಮ್ಮ ಉತ್ತರ ತಲುಪಿಲ್ಲ ಎಂದರ್ಥ. `Outbox` ನಲ್ಲೇ ಕೂತಿದ್ದರೆ ನೆಟ್ ಸಿಕ್ಕಿಲ್ಲ. ಆಮೇಲೆ ದಿನಕ್ಕೆರಡು ಬಾರಿ `Spam` ಭಾಗವನ್ನೂ ನೋಡುತ್ತಿರಿ.

ಸೋಮವಾರ ಮಧ್ಯಾಹ್ನದವರೆಗೂ ಉತ್ತರ ಬಾರದಿದ್ದರೆ ಎರಡನೇ ಮೇಲ್ ಹಾಕಬೇಡಿ, ಫೋನ್ ಮಾಡಿ. ಬೆಳಿಗ್ಗೆ 11ರಿಂದ 1ರೊಳಗೆ ಅಥವಾ ಮಧ್ಯಾಹ್ನ 3ರ ನಂತರ ಮಾಡಿದರೆ ಮಾತಾಡಲು ಪುರಸೊತ್ತಿರುವವರು ಸಿಗುತ್ತಾರೆ. ‘ನಮಸ್ಕಾರ ಮೇಡಂ, ಬುಧವಾರದ ಲೆಕ್ಕ ಸಹಾಯಕಿ ಇಂಟರ್‌ವ್ಯೂಗೆ ಬರ್ತಿದ್ದೀನಿ, ಶನಿವಾರ ಮೇಲ್ ಕಳಿಸಿದ್ದೆ, ತಲುಪಿದೆಯಾ? ಅದರಲ್ಲಿ ಡಾಕ್ಯುಮೆಂಟ್ ಬಗ್ಗೆ ಮೂರು ಪ್ರಶ್ನೆ ಕೇಳಿದ್ದೆ’ ಎಂದರೆ ಸಾಕು. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಹೇಳಿದವರ ಹೆಸರು ಕೇಳಿ. ಆಮೇಲೆ ಅದೇ ಮೇಲ್ ಸರಣಿಯಲ್ಲಿ ಹಾಕಿ: ‘ಈ ದಿನ ಫೋನಿನಲ್ಲಿ ತಿಳಿಸಿದಂತೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಮತ್ತು ಪಾಸ್‌ಬುಕ್ ತರುತ್ತೇನೆ, ಅಫಿಡವಿಟ್ ಆಯ್ಕೆಯಾದ ಮೇಲೆ ಕೊಡುತ್ತೇನೆ. ಧನ್ಯವಾದಗಳು.’ ಬುಧವಾರ ಮೇಜಿನ ಮುಂದೆ ಬೇರೆಯವರು ಕೂತು ‘ಅಫಿಡವಿಟ್ ಎಲ್ಲಿ?’ ಎಂದು ಕೇಳಿದರೆ ತೋರಿಸಲು ಈ ಸಾಲು ಇರುತ್ತದೆ. ಸರಣಿಯನ್ನು ಪ್ರಿಂಟ್ ತೆಗೆದು ಫೈಲಿನ ಮೇಲ್ಭಾಗದಲ್ಲೇ ಇಡಿ.

ಮೇಲ್‌ಗೂ ಫೋನಿಗೂ ಉತ್ತರ ಸಿಗದಿದ್ದರೆ ಕಠಿಣವಾದದ್ದನ್ನೇ ಊಹಿಸಿಕೊಂಡು ಹೊರಡಿ. ಮಂಗಳವಾರವೇ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ. ಹಿಂದಿನ ಅಂಗಡಿಯವರನ್ನು ಕೇಳಿ, ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ತಿಂಗಳು ಬರೆದು ಸಹಿ, ಸೀಲು ಹಾಕಿದ ಎರಡು ಸಾಲಿನ ಪತ್ರ ತೆಗೆದುಕೊಳ್ಳಿ. ಪದವಿ ದಾಖಲೆ ಡಿಜಿಲಾಕರ್‌ನಲ್ಲಿ ಸಿಗುತ್ತದೆಯೇ ನೋಡಿ. `Issued` ಭಾಗದಲ್ಲಿ ಬಂದದ್ದಕ್ಕೆ ಮಾನ್ಯತೆ ಇದೆ, ನೀವೇ ಫೋಟೊ ತೆಗೆದು ಏರಿಸಿದ್ದಕ್ಕೆ ಇಲ್ಲ.

ಒರಿಜಿನಲ್‌ಗಳನ್ನು ತೋರಿಸಿ ವಾಪಸ್ ತೆಗೆದುಕೊಳ್ಳಬೇಕು. ‘ಇಲ್ಲೇ ಬಿಟ್ಟುಹೋಗಿ, ಆಯ್ಕೆ ಪಟ್ಟಿ ಬಂದ ಮೇಲೆ ಕೊಡುತ್ತೇವೆ’ ಎಂದರೆ ಒಪ್ಪಬೇಡಿ, ಝೆರಾಕ್ಸ್ ಸೆಟ್ ಕೊಟ್ಟು ಬನ್ನಿ. ಎರಡನೇ ಸೆಟ್ ತೆಗೆಸಿದ್ದು ಇದಕ್ಕೂ ಕೆಲಸಕ್ಕೆ ಬರುತ್ತದೆ.